ಅಮಾವಾಸ್ಯೆಯ ಮಾರನೇ ದಿನ ನಿಲ್ಲುತ್ತಿದ್ದ ಸ್ಕ್ಯಾನರ್

ನಮ್ಮ ಯಜಮಾನರು ಈ ಕಥೆಯನ್ನು ಆಫೀಸಿಗೆ ಬಂದವರಿಗೆಲ್ಲ ಹೇಳುತ್ತಾರೆ. ಅವರ ಪ್ರಕಾರ ಆದದ್ದು ಇಷ್ಟು: ಪೂಜೆಯ ದಿನ ಪ್ರಿಂಟರಿನೊಳಗೆ ನೀರು ಹೋಯಿತು, ಸ್ಕ್ಯಾನ್ ಮಾಡಿದ್ದು ಮೇಲ್‌ನಲ್ಲಿ ಹೋಗುವುದು ನಿಂತಿತು, ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳು ಏನೋ ಒತ್ತಿದಳು, ಸರಿಹೋಯಿತು. ಕೇಳಿದವರು ತಲೆಯಾಡಿಸಿ, ಚಹಾ ಮುಗಿಸಿ ಹೋಗುತ್ತಾರೆ.

ಆ ಹುಡುಗಿ ನಾನು. ಕಥೆಯಲ್ಲಿ ನನಗೆ ಹೊಗಳಿಕೆ ಇದೆ, ಹಾಗಾಗಿ ಬಾಯಿ ಮುಚ್ಚಿಕೊಂಡಿರು ಎಂದು ನಮ್ಮ ಅಮ್ಮನೂ ಹೇಳುತ್ತಾಳೆ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಮೊದಲು ಕಲಿಸಿದ್ದೇ ಇದು: ನಿನ್ನ ಪರವಾಗಿರುವ ಪೊಳ್ಳು ವಾದವನ್ನು ನೀನೇ ಮೊದಲು ಕೈಬಿಡು, ಇಲ್ಲದಿದ್ದರೆ ಎದುರಿನವನು ಅದನ್ನೇ ಹಿಡಿದು ನಿನ್ನನ್ನು ಕೆಡವುತ್ತಾನೆ. ಆದ್ದರಿಂದ ಹೇಳುತ್ತೇನೆ. ನೀರು ಹೋಗಿರಲಿಲ್ಲ. ನಾನು "ಏನೋ" ಒತ್ತಲಿಲ್ಲ. ಮತ್ತು ಆ ನೀರನ್ನು ಹಾಕಿದವಳು ಎಂದು ಯಾರ ಮೇಲೆ ಬೆರಳು ತೋರಿಸಿ ದೂರದ ಜಗಳೂರಿನ ಶಾಖೆಗೆ ಎತ್ತಿಹಾಕಲು ಹೊರಟಿದ್ದರೋ, ಅವಳು ಯಜಮಾನರ ಕಥೆಯಲ್ಲಿ ಈಗ ಬರುವುದೇ ಇಲ್ಲ.

ನಮ್ಮದು ಹನಿ ನೀರಾವರಿ ಸಾಮಾನಿನ ಡೀಲರ್ ಆಫೀಸು. ಚನ್ನಗಿರಿಯಲ್ಲಿ ಮುಖ್ಯ ಆಫೀಸು. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದು ಶಾಖೆ. ಪೈಪು, ಫಿಲ್ಟರು ಮಾರುವುದು ಗೋದಾಮಿನವರ ಕೆಲಸ. ಒಳಗಿನ ಕೋಣೆಯಲ್ಲಿ ನಮಗೆ ಕಾಗದದ ಕೆಲಸ. ಸಬ್ಸಿಡಿ ಬೇಕಾದ ರೈತರು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಂದುಕೊಡುತ್ತಾರೆ; ನಾವು ಅದನ್ನು ಸ್ಕ್ಯಾನ್ ಮಾಡಿ ಪೈಪಿನ ಕಂಪನಿಗೆ ಮೇಲ್ ಮಾಡುತ್ತೇವೆ. ಅದಕ್ಕಾಗಿಯೇ ಯಜಮಾನರು ನಾಲ್ಕೂ ಕಡೆಗೆ ಒಂದೇ ಥರದ ದೊಡ್ಡ ಪ್ರಿಂಟರುಗಳನ್ನು ತರಿಸಿದ್ದರು. ಪ್ರಿಂಟು, ಜೆರಾಕ್ಸು, ಸ್ಕ್ಯಾನು ಎಲ್ಲ ಅದರಲ್ಲೇ. ಕಾಗದವನ್ನು ಮೇಲಿಟ್ಟು, ಪರದೆಯ ಮೇಲೆ ವಿಳಾಸ ಆರಿಸಿ, ಹಸಿರು ಗುಂಡಿ ಒತ್ತಿದರೆ ಮಿಷಿನ್ನೇ ನೇರವಾಗಿ ಮೇಲ್ ಕಳಿಸುತ್ತದೆ. ಕಂಪ್ಯೂಟರ್ ಬೇಕಿಲ್ಲ. ನಾಲ್ಕೂ ಮಿಷಿನ್ನುಗಳು ಕಳಿಸುವುದು ಆಫೀಸಿನ ಒಂದೇ ಮೇಲ್ ಖಾತೆಯಿಂದ.

ಚನ್ನಗಿರಿಯ ಮಿಷಿನ್ ಅಕ್ಕನ ಜವಾಬ್ದಾರಿ. ನನಗೆ ಅವಳು ಸಂಬಂಧಿಯಲ್ಲ. ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಗಂಡ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಟೈಲರು, ಮಗಳು ಇಲ್ಲೇ ಹೈಸ್ಕೂಲು. ಪಹಣಿಯ ಮಡಿಕೆಯನ್ನು ಅಂಗೈಯಲ್ಲಿ ತೀಡಿ ತೀಡಿ ಸಪಾಟು ಮಾಡಿ ಗಾಜಿನ ಮೇಲಿಡುವವಳು. ಸೇರಿದ ಹೊಸದರಲ್ಲಿ ನನಗೆ ಅದನ್ನು ನೋಡಿ ಚಡಪಡಿಕೆಯಾಗುತ್ತಿತ್ತು. "ಅಕ್ಕಾ, ಬೇಗ ಬೇಗ," ಎಂದರೆ, "ನೀನು ಮಾತಾಡೋದು ಬೇಗ, ನಾನು ಕೆಲಸ ಮಾಡೋದು ನಿಧಾನ. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತಾನೆ ಬಿಡು," ಎನ್ನುತ್ತಿದ್ದಳು.

ಇನ್ನು ಅಮಾವಾಸ್ಯೆ. ನಮ್ಮ ಕಡೆ ಅಂಗಡಿ, ಗಿರಣಿ, ಲಾರಿ ಎಲ್ಲಕ್ಕೂ ಅಮಾವಾಸ್ಯೆಗೆ ಪೂಜೆ. ನಮ್ಮಲ್ಲೂ ಅಷ್ಟೆ. ಅಕ್ಕ ಮಿಷಿನ್ನನ್ನು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಸರ ಹಾಕುತ್ತಾಳೆ. ಯಜಮಾನರು ಕರ್ಪೂರ ಬೆಳಗುತ್ತಾರೆ, ಕಾಯಿ ಒಡೆಯುತ್ತಾರೆ. ಆಮೇಲೆ ಅವರದೇ ಒಂದು ಪದ್ಧತಿ. ಯಾವುದೋ ಬ್ಯಾಂಕಿನ ಸಭೆಯಲ್ಲಿ ಯಾರೋ, ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಎಂದು ಹೇಳಿದ್ದರಂತೆ. ತಿಂಗಳಿಗೊಮ್ಮೆ ಎಂದರೆ ಅವರಿಗೆ ನೆನಪಿರುವ ದಿನ ಅಮಾವಾಸ್ಯೆಯೇ. ಮಂಗಳಾರತಿಯಾದ ಮೇಲೆ ಪೂರ್ವಕ್ಕೆ ಮುಖ ಮಾಡಿ ಕಂಪ್ಯೂಟರಿನ ಮುಂದೆ ಕೂತು, ಆಫೀಸಿನ ಮೇಲ್‌ಗೆ ಹೊಸ ಪಾಸ್‌ವರ್ಡ್ ಹಾಕುತ್ತಾರೆ. ಅದಾದ ಮೇಲೆಯೇ ಪ್ರಸಾದ. ಹೊಸ ಪಾಸ್‌ವರ್ಡನ್ನು ಶಾಖೆಗಳಿಗೆ ಫೋನಿನಲ್ಲಿ ತಿಳಿಸುತ್ತಾರೆ. ಅವರು ಕಂಪ್ಯೂಟರಿನಲ್ಲಿ ಮೇಲ್ ತೆರೆಯಲು ಹೋದರೆ ಯಜಮಾನರ ಮೊಬೈಲಿಗೆ ಒಂದು ಕೋಡ್ ಬರುತ್ತದೆ. "ಕೋಡ್ ಹೇಳ್ರೀ ಯಜಮಾನ್ರೇ" ಎಂದು ಎಲ್ಲ ಕಡೆಯಿಂದ ಫೋನು. ಅವರಿಗೆ ಅದೊಂದು ಸಂತೋಷ. "ನನ್ನ ಕೇಳ್ದಂಗೆ ಒಬ್ರೂ ಒಳಗೆ ಹೋಗಾಕೆ ಆಗಲ್ಲ, ನೋಡು!" ಎಂದು ನನಗೆ ಮೊಬೈಲು ತೋರಿಸುತ್ತಿದ್ದರು.

ಪೂಜೆಯ ದಿನ ಮಿಷಿನ್ ಸರ ಹಾಕಿಕೊಂಡು ಸುಮ್ಮನಿರುತ್ತದೆ. ಮಾರನೇ ದಿನ ಬೆಳಗ್ಗೆ ಅಕ್ಕ ಮೊದಲ ಪಹಣಿ ಇಟ್ಟು ಹಸಿರು ಗುಂಡಿ ಒತ್ತಿದರೆ, ಕಾಗದ ಓದುತ್ತದೆ, ಕಳಿಸುವುದಿಲ್ಲ. ಪ್ರತಿ ತಿಂಗಳೂ. ದಾವಣಗೆರೆಯಿಂದ ಸರ್ವಿಸಿನವನು ಬರಬೇಕು. ಅವನು ಬಂದು, ಯಜಮಾನರಿಂದ ಕೋಡ್ ಕೇಳಿ, ಏನೋ ಮಾಡಿ, "ಸೆಟಿಂಗ್ ಹೋಗಿತ್ತು, ಹಾಕಿದೀನಿ" ಎಂದು ಹೇಳಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು ಎಂದು ಸುತ್ತಿ ಹೋಗುತ್ತಿದ್ದ. ಅವನು ಬರುವ ತನಕ ಎಲ್ಲರೂ ಪಹಣಿಯ ಫೋಟೋ ತೆಗೆದು ಮೊಬೈಲಿನಿಂದ ಕಳಿಸುವುದು.

"ಮಿಷಿನ್‌ಗೆ ಅಮಾವಾಸ್ಯೆ ಆಗಿಬರಲ್ಲ," ಎಂಬುದು ಗೋದಾಮಿನವರ ತೀರ್ಮಾನ. "ಪೂಜೆ ಮಾಡುವಾಗ ಒಳಗೆ ನೀರು ಬಿಡ್ತಾಳೆ," ಎಂಬುದು ಯಜಮಾನರದು. ಅಕ್ಕ ಒದ್ದೆ ಬಟ್ಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸತೊಡಗಿದಳು. ಆದರೂ ನಿಂತಿತು. "ಹಳೇ ನೀರು ಒಳಗೇ ಕುಂತೈತೆ," ಎಂದರು ಯಜಮಾನರು. ಒಂದು ವಾದಕ್ಕೆ ಪುರಾವೆ ಸಿಕ್ಕರೂ ಗೆಲುವು, ಸಿಗದಿದ್ದರೂ ಗೆಲುವು ಎಂದಾದರೆ ಅದು ವಾದವೇ ಅಲ್ಲ. ಆಗಲೇ ಹೇಳಬೇಕಿತ್ತು. ಆದರೆ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ, ಮತ್ತು ನನ್ನ ಬಾಯಿಯ ಸುದ್ದಿ ನನಗಿಂತ ಮೊದಲೇ ಆಫೀಸಿಗೆ ಬಂದಿತ್ತು.

ಅದರ ಮುಂದಿನ ಅಮಾವಾಸ್ಯೆ ಕಳೆದು ಮಿಷಿನ್ ನಿಂತಾಗ ಸರ್ವಿಸಿನವನು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಫೋಟೋಗಳ ಮೇಲೆ ಫೋಟೋಗಳು ಹೋದವು. ಗೋವಿನಕೋವಿಯ ರೈತರೊಬ್ಬರ ಪಹಣಿಯ ಮೇಲೆ ನ್ಯಾಮತಿಯ ನಮ್ಮವರ ಮೊಬೈಲಿನ ನೆರಳು ಬಿದ್ದು, ಸರ್ವೆ ನಂಬರ್ ಕಾಣದೆ, ಕಂಪನಿ ಫೈಲು ವಾಪಸ್ ಮಾಡಿತು. ಆ ರೈತರು ನ್ಯಾಮತಿಗೆ ಹೋಗದೆ ನೇರ ಚನ್ನಗಿರಿಗೇ ಬಂದರು.

"ಏನ್ರೀ, ಇಷ್ಟು ದೊಡ್ಡ ಮಿಷಿನ್ ಇಟ್ಕಂಡಿದೀರಿ, ಪೂಜೆ ಮಾಡಾಕಾ?" ಎಂದು ಗೋದಾಮಿನವರ ಎದುರಿಗೇ ಕೇಳಿದರು.

ಅವರು ಹೋದ ಮೇಲೆ ಯಜಮಾನರು ಒಳಗೆ ಬಂದು, ಅಕ್ಕನ ಕಡೆ ನೋಡದೆ, ಮಿಷಿನ್ನಿನ ಕಡೆ ನೋಡಿ ಹೇಳಿದರು: "ಸೋಮವಾರದಿಂದ ನೀನು ಜಗಳೂರಿಗೆ ಹೋಗವ್ವ. ಅಲ್ಲಿರೋ ಚಾಚಾ ಇಲ್ಲಿಗೆ ಬರ್ತಾರೆ. ಇದು ನಿನ್ನ ಕೈಗೆ ಒಗ್ಗವಲ್ದು."

ಚನ್ನಗಿರಿಯಿಂದ ಜಗಳೂರಿಗೆ ದಾವಣಗೆರೆಯಲ್ಲಿ ಬಸ್ ಬದಲಾಯಿಸಿ ಹೋಗಬೇಕು. ಬೆಳಗ್ಗೆ ಹೋಗಿ ಸಂಜೆ ಬರುವ ದಾರಿಯಲ್ಲ. ಅಲ್ಲೇ ಮನೆ ಮಾಡಬೇಕು, ಇಲ್ಲವೇ ಕೆಲಸ ಬಿಡಬೇಕು. ಅಕ್ಕನಿಗೆ ಎರಡೂ ಒಂದೇ.

ಅವಳು ಅಳಲಿಲ್ಲ. ಮಿಷಿನ್ನಿನ ಮುಚ್ಚಳ ಮುಚ್ಚಿ, "ನನ್ನ ಕೈಗುಣವೇ ಸರಿ ಇಲ್ಲ ಅನ್ಸುತ್ತೆ ಕಣೇ," ಎಂದಳು.

ನನಗೆ ಕೋಪ ಬಂದದ್ದು ಯಜಮಾನರ ಮೇಲಲ್ಲ, ಆ ಮಾತಿನ ಮೇಲೆ. "ಅಕ್ಕಾ, ನಿನ್ನ ಕೈಗುಣ ಜಗಳೂರಿನ ಮಿಷಿನ್ ಮುಟ್ಟೈತಾ?"

"ನಾನ್ಯಾಕೆ ಮುಟ್ಲಿ? ನಾನು ಜಗಳೂರೇ ನೋಡಿಲ್ಲ."

"ಮತ್ತೆ ಅದ್ಯಾಕೆ ನಿಲ್ಲುತ್ತೆ?"

ನಾನು ಫೋನು ಎತ್ತಿಕೊಂಡೆ.

ಹೊನ್ನಾಳಿಯವರು, "ಪ್ರತಿ ಸಲ ಹಂಗೇ ಅಲ್ವೇನ್ರೀ, ಅಮಾವಾಸ್ಯೆ ಆದ್ಮೇಲೆ ಅದು ಮಲಗುತ್ತೆ," ಎಂದರು. ನ್ಯಾಮತಿಯದೂ ಅದೇ ಮಾತು. ಎರಡೂ ಕಡೆ ಪೂಜೆಯಿತ್ತು, ನೀರೂ ಇತ್ತು. ನನಗೆ ಬೇಕಿದ್ದದ್ದು ಪೂಜೆಯಿಲ್ಲದ ಮಿಷಿನ್. ಅದು ಜಗಳೂರಿನಲ್ಲಿತ್ತು. ಅಲ್ಲಿನ ಶಾಖೆ ನೋಡಿಕೊಳ್ಳುವ ಚಾಚಾ ಮುಸ್ಲಿಮರು, ಯಜಮಾನರಿಗಿಂತ ಹಿರಿಯರು.

"ಚಾಚಾ, ನಿಮ್ಮ ಮಿಷಿನ್‌ಗೆ ಅಮಾವಾಸ್ಯೆ ಪೂಜೆ ಮಾಡ್ತೀರಾ?"

"ಅರೇ ಬೇಟಿ, ನಾನೆಲ್ಲಿ ಪೂಜೆ ಮಾಡ್ಲಿ? ಧೂಳು ಜಾಸ್ತಿ ಅಂತ ಮೇಲೊಂದು ಬೆಡ್‌ಶೀಟ್ ಹೊದಿಸಿದೀನಿ, ಅಷ್ಟೇ."

"ನೀರು ಬಿದ್ದೈತಾ?"

"ಜಗಳೂರಲ್ಲಿ ಕುಡಿಯಾಕೆ ನೀರು ಹಿಡಿಯೋದೇ ಒಂದು ಕೆಲಸ. ಮಿಷಿನ್‌ಗೆ ಎಲ್ಲಿಂದ ಹಾಕ್ಲಿ?"

"ಈಗ ಮೇಲ್ ಹೋಗ್ತಾ ಐತಾ?"

"ಎಲ್ಲಿ ಹೋಗುತ್ತೆ! ಅಮಾವಾಸ್ಯೆ ಮಾರನೇ ದಿನದಿಂದ ಬಂದ್. ನಮ್ದೂ ನಿಮ್ದೂ ಒಂದೇ ಕಾಯಿಲೆ."

ಪೂಜೆಯಿಲ್ಲ, ನೀರಿಲ್ಲ, ಕಾಯಿಲೆ ಮಾತ್ರ ಇದೆ. ನನ್ನ ಮಟ್ಟಿಗೆ ನೀರಿನ ವಾದ ಅಲ್ಲಿಗೇ ಸತ್ತಿತು. ಯಜಮಾನರಿಗೆ ಹೇಳಿದರೆ ಅವರು, "ಜಗಳೂರಿನ ಧೂಳು ಬೇರೆ, ಇಲ್ಲಿನ ನೀರು ಬೇರೆ," ಎಂದು ಎರಡು ಕಾರಣ ಕೊಟ್ಟರು. ಒಂದನ್ನು ಮುರಿದರೆ ಇನ್ನೊಂದು ಹುಟ್ಟುತ್ತದೆ. ಇಂಥವರೆದುರು ಮಾತಿನಲ್ಲಿ ಗೆಲ್ಲಲಾಗದು ಎಂದು ನನಗೂ ಗೊತ್ತಿತ್ತು. ಮಿಷಿನ್ನೇ ಹೇಳಬೇಕು.

ಮಿಷಿನ್ನಿನ ಒಳಗಿನ ಸೆಟಿಂಗ್ ನೋಡಲು ಅದನ್ನು ಬಿಚ್ಚಬೇಕಿಲ್ಲ. ಅದಕ್ಕೂ ಆಫೀಸಿನ ನೆಟ್‌ವರ್ಕಿನಲ್ಲಿ ಒಂದು ಐಪಿ ವಿಳಾಸ ಇರುತ್ತದೆ; ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಹೊಡೆದರೆ ಮಿಷಿನ್ನಿನದೇ ಪುಟ ತೆರೆಯುತ್ತದೆ. ಆ ಪುಟದ ಅಡ್ಮಿನ್ ಪಾಸ್‌ವರ್ಡನ್ನು ಸರ್ವಿಸಿನವನು ಅಕ್ಕನಿಗೆ ಯಾವತ್ತೋ ಹೇಳಿಹೋಗಿದ್ದ. ಒಳಗೆ ಮೇಲ್ ಕಳಿಸುವ ಪುಟ. ಮೊದಲಿಗೆ ಸರ್ವರ್ ವಿಳಾಸ: ಎಸ್‌ಎಂಟಿಪಿ, ಚುಕ್ಕೆ, ನಮ್ಮ ಮೇಲ್ ಕಂಪನಿಯ ಹೆಸರು, ಚುಕ್ಕೆ, ಕಾಮ್. ಅಂಚೆ ಕಚೇರಿ ಎಲ್ಲಿದೆ ಎಂದು ಮಿಷಿನ್ನಿಗೆ ಹೇಳುವ ಸಾಲು ಅದು. ಅದರ ಕೆಳಗೆ ಪೋರ್ಟ್ 587. ಆ ಕಟ್ಟಡದ ಯಾವ ಬಾಗಿಲು ಎಂಬುದು. ಪಕ್ಕದಲ್ಲಿ ಸ್ಟಾರ್ಟ್ ಟಿಎಲ್ಎಸ್ ಎಂಬ ಆಯ್ಕೆ, ಅಂದರೆ ಮೊದಲು ಮಾಮೂಲಾಗಿ ಮಾತು ಶುರುಮಾಡಿ ಆಮೇಲೆ ಗುಟ್ಟಿನ ಮಾತಿಗೆ ಬದಲಾಗುವ ಕ್ರಮ. ಕೊನೆಗೆ ಬಳಕೆದಾರರ ಹೆಸರು, ಅಂದರೆ ಪೂರ್ತಿ ಮೇಲ್ ವಿಳಾಸ, ಮತ್ತು ಪಾಸ್‌ವರ್ಡ್. ಅದು ಚುಕ್ಕೆಚುಕ್ಕೆಯಾಗಿ ಮಾತ್ರ ಕಾಣುತ್ತದೆ.

"ಪಾಸ್‌ವರ್ಡ್!" ಎಂದೆ. "ಅಕ್ಕಾ, ಯಜಮಾನ್ರು ಅಮಾವಾಸ್ಯೆಗೆ ಬದಲಾಯಿಸಿದ್ದು ಮಿಷಿನ್‌ಗೆ ಹೇಳೇ ಇಲ್ಲ!"

"ನನ್ನ ಏನಂದ್ಕಂಡಿದೀಯ?" ಎಂದಳು ಅಕ್ಕ. "ಪ್ರತಿ ಸಲ ಹೊಸಾದು ನಾನೇ ಹಾಕ್ತೀನಿ. ಹಾಕಿದ್ರೂ ಹೋಗಲ್ಲ."

ನಂಬದೆ ಇನ್ನೊಮ್ಮೆ ಹಾಕಿದೆ. ಕಂಪ್ಯೂಟರಿನಲ್ಲಿ ಅದೇ ಪಾಸ್‌ವರ್ಡಿಗೆ ಮೇಲ್ ತೆರೆಯುತ್ತಿತ್ತು. ಮಿಷಿನ್ನಿಗೆ ಹಾಕಿದರೆ ಪರದೆಯ ಮೇಲೆ "ಅಥೆಂಟಿಕೇಷನ್ ಫೇಲ್ಡ್". ಗುರುತು ಒಪ್ಪಲಿಲ್ಲ ಎಂದರ್ಥ. ಹಾಗಾದರೆ ತಪ್ಪು ಪಾಸ್‌ವರ್ಡಿನದಲ್ಲ ಎಂದು ತೀರ್ಮಾನಿಸಿದೆ. ಎಷ್ಟು ಧೈರ್ಯದಿಂದ ತೀರ್ಮಾನಿಸಿದೆನೋ ಅಷ್ಟೇ ತಪ್ಪಾಗಿ. ಉಳಿದದ್ದು ಪೋರ್ಟು. ಎಲ್ಲೋ 465 ಎಂದೂ ಓದಿದ್ದೆ. 587 ತೆಗೆದು 465 ಹಾಕಿ, ಬೇರೇನೂ ಮುಟ್ಟದೆ, ಪರೀಕ್ಷಾ ಮೇಲ್ ಕಳಿಸಿದೆ. ಮಿಷಿನ್ ಬಹಳ ಹೊತ್ತು ಯೋಚಿಸಿ, "ಸರ್ವರ್ ಕನೆಕ್ಷನ್ ಎರರ್" ಎಂದಿತು.

"ಇನ್ನೂ ಕೆಡಿಸಿದೆ," ಎಂದಳು ಅಕ್ಕ.

ಕೆಡಿಸಿದ್ದು ನಿಜ, ಆದರೆ ಆ ತಪ್ಪೇ ನನಗೆ ಕೆಲಸಕ್ಕೆ ಬಂತು. 465ನೆಯ ಬಾಗಿಲಿನಲ್ಲಿ ಮೊದಲ ಮಾತಿನಿಂದಲೇ ಗುಟ್ಟು ಬೇಕು. ಸ್ಟಾರ್ಟ್ ಟಿಎಲ್ಎಸ್ ಎಂದು ಬಿಟ್ಟು ಬಾಗಿಲು ಮಾತ್ರ ಬದಲಾಯಿಸಿದರೆ ಮಾತೇ ಶುರುವಾಗುವುದಿಲ್ಲ. ಈಗ ಎರಡು ದೂರು ಪಕ್ಕಪಕ್ಕ ಇದ್ದವು. ಹೊಸದು, ಸರ್ವರ್ ಸಿಗಲಿಲ್ಲ ಎನ್ನುತ್ತಿದೆ. ಹಳೆಯದು, ಸರ್ವರ್ ಸಿಕ್ಕಿತು, ಒಳಗೆ ಬಿಡಲಿಲ್ಲ ಎನ್ನುತ್ತಿತ್ತು. ಅಂದರೆ ಹಳೆಯ ವಿಳಾಸ ಸರಿ, ಹಳೆಯ ಪೋರ್ಟ್ ಸರಿ. ನೀರು ಕುಡಿದ ಮಿಷಿನ್ ಇಷ್ಟು ದೂರದ ಸರ್ವರ್ ತನಕ ಹೋಗಿ ಬಾಗಿಲು ತಟ್ಟಿ ಬರುವುದಿಲ್ಲ. 587 ವಾಪಸ್ ಹಾಕಿದೆ. ಮತ್ತೆ "ಅಥೆಂಟಿಕೇಷನ್ ಫೇಲ್ಡ್". ಒಂದು ದೂರನ್ನು ನೋಡಿ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಆಮೇಲೆ ಮದುವೆ ಮನೆಯಲ್ಲಿದ್ದ ಸರ್ವಿಸಿನವನಿಗೆ ಫೋನು ಮಾಡಿದೆ. ಹಿಂದೆ ವಾಲಗ ಕೇಳಿಸುತ್ತಿತ್ತು.

"ಮೇಡಂ, ಊಟಕ್ಕೆ ಕುಂತಿದೀನಿ."

"ಒಂದೇ ಪ್ರಶ್ನೆ. ಪಾಸ್‌ವರ್ಡ್ ಜಾಗದಲ್ಲಿ ನೀವು ಏನು ಹಾಕ್ತೀರಿ?"

"ಆ್ಯಪ್ ಪಾಸ್‌ವರ್ಡ್."

"ಅಂದ್ರೆ ಮೇಲ್‌ನ ಪಾಸ್‌ವರ್ಡ್ ಅಲ್ಲ?"

"ಅದು ನಡೆಯಲ್ಲ ಮೇಡಂ. ನಿಮ್ದು ಮೊಬೈಲಿಗೆ ಕೋಡ್ ಬರೋ ಖಾತೆ. ಮಿಷಿನ್ ಹೆಂಗೆ ಕೋಡ್ ನೋಡ್ಬೇಕು, ಅದಕ್ಕೆ ಮೊಬೈಲ್ ಐತಾ? ಅದಕ್ಕೇ ಮಿಷಿನ್‌ಗೆ ಅಂತ ಬೇರೆ ಹದಿನಾರು ಅಕ್ಷರ ಕೊಡ್ತಾರೆ."

"ಸರಿ. ಅದು ಪ್ರತಿ ತಿಂಗಳು ಯಾಕೆ ಹೋಗುತ್ತೆ?"

"ಅದು ಹಂಗೇ. ಹೋಗುತ್ತೆ, ನಾನು ಹೊಸಾದು ಹಾಕ್ತೀನಿ. ಪಾಯಸ ಬಂತು, ಇಡ್ಲಾ?"

ಅವನು ಇಟ್ಟ. ಅವನ ಮೇಲೆ ನನಗೆ ದೂರಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ. ಆದರೆ "ಅದು ಹಂಗೇ" ಎಂಬುದನ್ನು ನಾನು ಯಾವ ವೇದಿಕೆಯಲ್ಲೂ ಒಪ್ಪಿಕೊಂಡವಳಲ್ಲ. ಮೇಲ್ ಕಂಪನಿಯ ಸಹಾಯದ ಪುಟ ತೆರೆದು ಓದಿದೆ. ಯಾರೂ ಬಚ್ಚಿಟ್ಟಿರಲಿಲ್ಲ, ನೇರವಾಗಿಯೇ ಬರೆದಿತ್ತು: ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ, ಅದುವರೆಗೆ ಕೊಟ್ಟ ಎಲ್ಲ ಆ್ಯಪ್ ಪಾಸ್‌ವರ್ಡುಗಳೂ ರದ್ದಾಗುತ್ತವೆ.

ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಅವಳು ಮಿಷಿನ್ನನ್ನು ನೋಡಿದಳು, ಯಜಮಾನರ ಖಾಲಿ ಕುರ್ಚಿಯನ್ನು ನೋಡಿದಳು. "ಹಂಗಾದ್ರೆ ಪೂಜೆ ಆದ್ಮೇಲೆ ಅವ್ರು ಕುಂತ್ಕಂಡು ಮಾಡ್ತಾರಲ್ಲ..."

"ಅದೇ."

"ಶ್! ಜೋರಾಗಿ ಹೇಳ್ಬೇಡ ಮಾರಾಯ್ತಿ."

ಮಾರನೇ ದಿನ ಶನಿವಾರ. ಯಜಮಾನರು ಬಸವಾಪಟ್ಟಣದಲ್ಲಿ ಒಂದು ತೋಟ ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಂದರು. "ಕೋಡ್ ಬೇಕು ಯಜಮಾನ್ರೇ," ಎಂದೆ. ಕೋಡ್ ಕೇಳಿದರೆ ಅವರಿಗೆ ಇಲ್ಲ ಎನ್ನಲು ಬರುವುದಿಲ್ಲ. ಖಾತೆಯ ಭದ್ರತೆಯ ಪುಟದಲ್ಲಿ ಆ್ಯಪ್ ಪಾಸ್‌ವರ್ಡುಗಳ ಜಾಗ ತೆರೆದೆ. ನಾನು ಓದಿದ್ದು ಸರಿಯಿದ್ದರೆ ಅಲ್ಲಿ ಒಂದೂ ಇರಬಾರದು. ಒಂದೂ ಇರಲಿಲ್ಲ. ಹೊಸದಕ್ಕೆ "ಚನ್ನಗಿರಿ" ಎಂದು ಹೆಸರು ಕೊಟ್ಟೆ. ನಾಲ್ಕು ನಾಲ್ಕರ ಗುಂಪಾಗಿ ಹದಿನಾರು ಅಕ್ಷರಗಳು ಬಂದವು. ಒಮ್ಮೆ ತೋರಿಸುತ್ತದೆ, ಮುಚ್ಚಿದರೆ ಮತ್ತೆ ತೋರಿಸುವುದಿಲ್ಲ. ನಡುವಿನ ಖಾಲಿ ಜಾಗ ಬಿಟ್ಟು ಮಿಷಿನ್ನಿನ ಪುಟದಲ್ಲಿ ಹಾಕಿದೆ, ಉಳಿಸಿದೆ. ಅಕ್ಕ ಪಹಣಿಯೊಂದನ್ನು ತೀಡಿ ಗಾಜಿನ ಮೇಲಿಟ್ಟು ಹಸಿರು ಗುಂಡಿ ಒತ್ತಿದಳು. ಕಂಪ್ಯೂಟರಿನಲ್ಲಿ ಟಿಂಗ್ ಎಂದಿತು.

ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಇನ್ನೂ ಮೂರು ಮಾಡಿದೆ. ಶಾಖೆಯವರಿಂದ ಮಿಷಿನ್ನಿನ ಪರದೆಯ ಮೇಲೆ ಅಕ್ಷರ ಒತ್ತಿಸುವ ಕೆಲಸ ಅಕ್ಕ ತೆಗೆದುಕೊಂಡಳು. ಫೋನಿನಲ್ಲಿ ಬಿ ಯಾವುದು, ಡಿ ಯಾವುದು, ಪಿ ಯಾವುದು ತಿಳಿಯುವುದಿಲ್ಲ. ಅವಳ ದಾರಿಯೇ ಬೇರೆ. "ಎಲ್ಲಾ ಸಣ್ಣಕ್ಷರ ಚಾಚಾ, ಬರ್ಕಳ್ರಿ. ಬಸವಾಪಟ್ಟಣದ ಬಿ. ಸೂಳೆಕೆರೆಯ ಎಸ್. ದಾವಣಗೆರೆಯ ಡಿ. ನಿಮ್ಮೂರಿನ ಜೆ..."

"ಇದೇನು ಬೇಟಿ, ಪಾಸ್‌ವರ್ಡೋ, ಬಸ್ಸಿನ ಬೋರ್ಡೋ?" ಎಂದು ಆ ಕಡೆಯಿಂದ ಚಾಚಾ. ಆದರೆ ತಪ್ಪಿಲ್ಲದೆ ಒತ್ತಿದರು. ನಾಲ್ಕೂ ಕಡೆಯಿಂದ ಪರೀಕ್ಷಾ ಮೇಲ್ ಬಂದವು.

ಯಜಮಾನರ ಮುಖ ಅರಳಿತು. "ಶಭಾಷ್ ತಾಯಿ! ನೋಡು, ನಿನ್ನ ಕೈಯಲ್ಲಿ ಆಯ್ತು. ನಾನು ಹೇಳಿರ್ಲಿಲ್ವಾ, ಆಯಮ್ಮನ ಕೈಗೆ ಒಗ್ಗಲ್ಲ ಅಂತ? ಸೋಮವಾರದಿಂದ ಇದನ್ನ ನೀನೇ ನೋಡ್ಕ."

ನಾನು ಸರಿಮಾಡಿದ್ದೇ ಅಕ್ಕನ ವಿರುದ್ಧದ ಸಾಕ್ಷಿಯಾಗಿ ನಿಂತಿತ್ತು. ಅಕ್ಕ ಆಗಲೇ ತನ್ನ ಡ್ರಾಯರಿನಿಂದ ಬಾಚಣಿಗೆ, ಊಟದ ಡಬ್ಬಿ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ವಿವರಿಸಿ ಪ್ರಯೋಜನವಿಲ್ಲ, ಯಜಮಾನರು ಇನ್ನೊಂದು ಕಾರಣ ಹುಟ್ಟಿಸುತ್ತಾರೆ. ಮುಂದೇನಾಗುತ್ತದೆಂದು ಮೊದಲೇ ಹೇಳಿ, ಅವರ ಕೈಯಿಂದಲೇ ಮಾಡಿಸಬೇಕು.

"ಯಜಮಾನ್ರೇ, ಇವತ್ತು ಅಮಾವಾಸ್ಯೆನಾ?"

"ಅಲ್ಲ."

"ಮಿಷಿನ್‌ಗೆ ಯಾರಾದ್ರೂ ನೀರು ಹಾಕಿದಾರಾ?"

"ಇಲ್ಲ."

"ಅಕ್ಕ ಮಿಷಿನ್ನಿಂದ ದೂರ ಕೂತ್ಕೊಳ್ಲಿ. ನಾನೂ ಮುಟ್ಟಲ್ಲ. ನೀವು ಅಮಾವಾಸ್ಯೆ ದಿನ ಮಾಡೋ ಹಂಗೆ ಪಾಸ್‌ವರ್ಡ್ ಬದಲಾಯಿಸ್ರಿ. ಬದಲಾಯಿಸಿದ ಮೇಲೆ ಇದೊಂದೇ ಅಲ್ಲ, ಜಗಳೂರಿನದೂ ನಿಲ್ಲುತ್ತೆ. ನಿಲ್ದಿದ್ರೆ ಸೋಮವಾರ ಅಕ್ಕನ ಬದಲು ನಾನು ಜಗಳೂರಿಗೆ ಹೋಗ್ತೀನಿ."

ಗೋದಾಮಿನಿಂದ ಇಬ್ಬರು ಬಾಗಿಲಿಗೆ ಬಂದು ನಿಂತರು. "ಹೋಗೇ ಬಿಡ್ತಾಳೆ ನೋಡ್ರೀ, ಬಾಯಿ ಐತೆ, ಬಸ್ ಬೇಕಿಲ್ಲ," ಎಂದು ಒಬ್ಬ. ಯಜಮಾನರು ನಕ್ಕರು. ಪಂದ್ಯವೆಂದರೆ ಅವರಿಗೂ ಆಸೆ. ಪೂರ್ವಕ್ಕೆ ಮುಖ ಮಾಡಿಯೇ ಕೂತರು, ಅಭ್ಯಾಸ. ನಾವೆಲ್ಲ ನೋಡಬಾರದೆಂದು ಬೇರೆ ಕಡೆ ತಿರುಗಿದೆವು. ಟಕಟಕ ಎಂದು ಹೊಸ ಪಾಸ್‌ವರ್ಡ್ ಹಾಕಿದರು.

"ಈಗ ಸ್ಕ್ಯಾನ್ ಮಾಡ್ರಿ."

ಅವರೇ ಎದ್ದು ಹೋಗಿ ಕಾಗದವಿಟ್ಟು ಹಸಿರು ಗುಂಡಿ ಒತ್ತಿದರು. ಮಿಷಿನ್ ಓದಿತು. ನಿಂತಿತು. "ಅಥೆಂಟಿಕೇಷನ್ ಫೇಲ್ಡ್."

ನಾನು ಜಗಳೂರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ಚಾಚಾ, ಒಂದು ಕಾಗದ ಕಳಿಸ್ರಿ."

ಆ ಕಡೆ ಬೆಡ್‌ಶೀಟ್ ಸರಿಸಿದ ಸದ್ದು, ಮಿಷಿನ್ ಗುರ್ ಎಂದ ಸದ್ದು.

"ಅರೇ! ಈಗ ತಾನೆ ಹೋಗಿತ್ತಲ್ಲ! ಮತ್ತೆ ಬಂದ್! ಬೇಟಿ, ಇವತ್ತು ಅಮಾವಾಸ್ಯೆನಾ?"

ಗೋದಾಮಿನವರು ನಕ್ಕದ್ದು ಹೊರಗಿನ ರಸ್ತೆಗೂ ಕೇಳಿಸಿರಬೇಕು. ಯಜಮಾನರು ನಗಲಿಲ್ಲ. ಪರದೆಯನ್ನೇ ನೋಡುತ್ತ ನಿಂತರು. ಆಮೇಲೆ ಮೊಬೈಲು ತೆಗೆದು, "ಮತ್ತೆ ಕೋಡ್ ಬರುತ್ತೆ. ಯಾರಿಗೆ ಹೇಳ್ಲಿ?" ಎಂದರು.

"ಅಕ್ಕನಿಗೆ ಹೇಳ್ರಿ," ಎಂದೆ. "ಆಕೆನೇ ಮಾಡ್ತಾಳೆ."

ಅಕ್ಕ ಚೀಲ ಕೆಳಗಿಟ್ಟು ಬಂದಳು. ತನ್ನ ಅದೇ ನಿಧಾನದಲ್ಲಿ ಒಂದೊಂದೇ ಅಕ್ಷರ ಹಾಕಿದಳು. ನಾಲ್ಕು ಊರು, ನಾಲ್ಕು ಪಾಸ್‌ವರ್ಡ್. ಟಿಂಗ್, ಟಿಂಗ್ ಎಂದು ಮೇಲ್ ಬಂದವು. ಕೊನೆಯದು ಜಗಳೂರಿನದು, ಚಾಚಾ ಈ ಸಲ ಕಾಗದ ಬಿಟ್ಟು ತಮ್ಮ ಅಂಗೈಯನ್ನೇ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ ಕಳಿಸಿದ್ದರು.

ಸೋಮವಾರ ಅಕ್ಕ ಎಂದಿನ ಹಾಗೆ ಬಂದು ಎಂದಿನ ಜಾಗದಲ್ಲಿ ಕೂತಳು. ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಗೋವಿನಕೋವಿಯವರ ಪಹಣಿ ಮತ್ತೆ ತರಿಸಿ ಅವಳೇ ಕಳಿಸಿದಳು. ಆ ಫೈಲು ವಾಪಸ್ ಬರಲಿಲ್ಲ.

ನಾನು ಒಂದು ವಾದ ಸೋತದ್ದನ್ನೂ ಹೇಳಿಬಿಡಬೇಕು. ಮೊಬೈಲಿಗೆ ಕೋಡ್ ಬರುವ ಖಾತೆಗೆ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸುವ ಅಗತ್ಯವಿಲ್ಲ ಎಂದು ಯಜಮಾನರಿಗೆ ಎಷ್ಟು ಬಗೆಯಲ್ಲಿ ಹೇಳಿದರೂ ಅವರು ಕೇಳಲಿಲ್ಲ. "ಪದ್ಧತಿ ಬಿಡಾಕೆ ಆಗಲ್ಲ ತಾಯಿ." ಆಯಿತು, ಪದ್ಧತಿ ಇರಲಿ. ಈಗ ಅಮಾವಾಸ್ಯೆಯ ದಿನ ಮಂಗಳಾರತಿ, ಯಜಮಾನರ ಪಾಸ್‌ವರ್ಡ್, ಅದರ ಹಿಂದೆಯೇ ಅಕ್ಕನ ನಾಲ್ಕು ಆ್ಯಪ್ ಪಾಸ್‌ವರ್ಡ್, ಆಮೇಲೆ ಪ್ರಸಾದ. ಮಾರನೇ ದಿನ ಮಿಷಿನ್ ಮೊದಲ ಪಹಣಿಯಿಂದಲೇ ಮೇಲ್ ಕಳಿಸುತ್ತದೆ. ಅಕ್ಕ ಮತ್ತೆ ಒದ್ದೆ ಬಟ್ಟೆಯಲ್ಲೇ ಒರೆಸುತ್ತಾಳೆ. ಬೇಕೆಂದೇ ಒರೆಸುತ್ತಾಳೆ ಎಂದು ನನ್ನ ಅನುಮಾನ. ಸರ್ವಿಸಿನವನು ಟೋನರ್ ಹಾಕಲು ಮಾತ್ರ ಬರುತ್ತಾನೆ.

ಹೋದ ಅಮಾವಾಸ್ಯೆಗೆ ಹೊನ್ನಾಳಿ ಕಡೆಯ ಇನ್ನೊಬ್ಬ ಡೀಲರು ಪ್ರಸಾದಕ್ಕೆ ಬಂದಿದ್ದರು. ಅಕ್ಕ ಅಲ್ಲೇ, ಫೋನು ಕಿವಿಗೆ ಸಿಕ್ಕಿಸಿಕೊಂಡು, "ಸೂಳೆಕೆರೆಯ ಎಸ್ ಚಾಚಾ, ಎಸ್..." ಎನ್ನುತ್ತಿದ್ದಳು. ಯಜಮಾನರು ಪ್ರಸಾದಕ್ಕೆ ಹಚ್ಚಲು ಬಾಳೆಹಣ್ಣು ಸುಲಿಯುತ್ತ ಶುರುಮಾಡಿದರು: "ಮೊದ್ಲು ಏನಾಗಿತ್ತು ಗೊತ್ತೇನ್ರೀ? ಪೂಜೆ ಟೈಮಲ್ಲಿ ಒಳಗೆ ನೀರು ಹೋಗಿಬಿಟ್ಟಿತ್ತು. ಈ ಹುಡುಗಿ ಬಂದು..."

ಅಕ್ಕನ ದನಿ ಒಂದು ಕ್ಷಣ ನಿಂತಿತು. ಆ ಕಡೆಯಿಂದ ಚಾಚಾ "ಹಲೋ? ಎಸ್ ಆದ್ಮೇಲೆ?" ಎನ್ನುವುದು ನನಗೂ ಕೇಳಿಸಿತು. ಅವಳು ಮುಂದಿನ ಅಕ್ಷರ ಹೇಳಿದಳು. ನಾನು ಪ್ರಸಾದದ ತಟ್ಟೆ ಮೇಜಿನ ಮೇಲಿಟ್ಟೆ.

"ಯಜಮಾನ್ರೇ," ಎಂದೆ, ಬಂದವರಿಗೂ ಕೇಳಿಸುವ ಹಾಗೆ, "ಆಕೆ ಇಲ್ಲೇ ಕೂತಿದಾಳೆ. ಆವತ್ತು ಮಿಷಿನ್ ನಿಲ್ಲಿಸಿದ್ದು ಆಕೆ ಕೈಯಲ್ಲ ಅಂತ, ಒಂದೇ ಒಂದ್ಸಲ, ಆಕೆ ಮುಖ ನೋಡಿ ಯಾವಾಗ ಹೇಳ್ತೀರಿ?"